ಕುಕ್ಕರ್‌ಗೆ ಎರಡು ವಿಸಿಲ್: ಎಐ ಚಿತ್ರವನ್ನು ಅಂಗಡಿಗೆ ಹಾಕುವ ಮೊದಲು ನೋಡುವ ಬಗೆ

(ಆನ್‌ಲೈನ್‌ನಲ್ಲಿ ಪಾತ್ರೆ, ಬಟ್ಟೆ ಮಾರುವ ಸಣ್ಣ ವ್ಯಾಪಾರಿಗಳ ಮುಂದೆ ಹುಬ್ಬಳ್ಳಿಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಮೇಜಿನ ಮೇಲೆ ಒಂದು ಕುಕ್ಕರ್ ಇಟ್ಟಿದ್ದೇನೆ, ಎಲ್ಲರಿಗೂ ಕಾಣುತ್ತಿದೆ ಅಲ್ವಾ? 3 ಲೀಟರಿನ ಸ್ಟೀಲ್ ಕುಕ್ಕರ್. ಮುಚ್ಚಳ ಹೊರಗಿನಿಂದ ಕೂರುವ ಬಗೆ. ಮಾತು ಮುಗಿಯುವವರೆಗೂ ಇದು ಇಲ್ಲೇ ಇರಲಿ. ಹಿಂದಿನ ಪರದೆಯ ಮೇಲೆ ಇದೇ ಕುಕ್ಕರಿನ ಎಐ ಚಿತ್ರಗಳು ಬರುತ್ತವೆ. ಚಿತ್ರ ನೋಡಿ, ಕುಕ್ಕರ್ ನೋಡಿ, ಮತ್ತೆ ಚಿತ್ರ ನೋಡಿ. ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಅಷ್ಟೇ. ಉಳಿದದ್ದು ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು.

ಇದಕ್ಕೆ ಕಾರಣವಾದ ಒಂದು ಘಟನೆ ಹೇಳುತ್ತೇನೆ. ನಾನು ಕ್ಯಾಟಲಾಗ್ ಚಿತ್ರಗಳ ಕೆಲಸ ಮಾಡಿಕೊಡುತ್ತಿದ್ದ ಒಬ್ಬ ವ್ಯಾಪಾರಿಗೆ ದಾವಣಗೆರೆಯಿಂದ ಒಬ್ಬರು ಅಮ್ಮ ಫೋನ್ ಮಾಡಿದರು. "ಚಿತ್ರದಲ್ಲಿ ಮುಚ್ಚಳದ ಮೇಲೆ ಎರಡು ವಿಸಿಲ್ ಇದ್ವಲ್ಲಪ್ಪಾ, ಒಂದೇ ಬಂದಿದೆ. ಇನ್ನೊಂದನ್ನ ಯಾವಾಗ ಕಳಿಸ್ತೀರಿ?" ಅಂತ ಕೇಳಿದರು. ವ್ಯಾಪಾರಿ ನನಗೆ ಫೋನ್ ಮಾಡಿದರು. ಚಿತ್ರ ತೆಗೆದು ನೋಡಿದೆ. ಹೌದು, ಎರಡು ವಿಸಿಲ್ ಇದ್ದವು. ಆ ಚಿತ್ರವನ್ನು ಹಾಕುವ ಮೊದಲು ನಾನು ನೋಡಿದ್ದೆ, ವ್ಯಾಪಾರಿ ನೋಡಿದ್ದರು, ಅವರ ತಮ್ಮ ನೋಡಿದ್ದರು. ಚೆನ್ನಾಗಿದೆ ಅಂತ ಮೂವರೂ ಹೇಳಿದ್ದೆವು. ಅಡುಗೆಮನೆ, ಕಿಟಕಿಯ ಬೆಳಕು, ಪಕ್ಕದಲ್ಲಿ ಕರಿಬೇವು, ಎಲ್ಲವೂ ನಿಜಕ್ಕೂ ಚೆನ್ನಾಗಿದ್ದವು. "ಇದು ನಮ್ಮ ಕುಕ್ಕರ್ ಹೌದಾ?" ಅನ್ನುವುದನ್ನು ಮಾತ್ರ ಮೂವರಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಆ ಚಿತ್ರ ಹುಟ್ಟಿದ ಬಗೆ ತಿಳಿದರೆ ತಪ್ಪು ಎಲ್ಲಿಂದ ಬಂತು ಅನ್ನುವುದೂ ತಿಳಿಯುತ್ತದೆ. ನಿಮ್ಮಲ್ಲಿ ಜಾಸ್ತಿ ಜನ ಮಾಡುವುದೂ ಇದನ್ನೇ. ಬಿಳಿ ಹಾಳೆಯ ಮೇಲೆ ಕುಕ್ಕರ್ ಇಟ್ಟು ಫೋಟೊ ತೆಗೆಯುತ್ತೀರಿ. ಹಿನ್ನೆಲೆ ಅಳಿಸುತ್ತೀರಿ. ಆಮೇಲೆ "ಇದನ್ನು ಅಡುಗೆಮನೆಯಲ್ಲಿ ಇಡು" ಅಂತ ಸಾಫ್ಟ್‌ವೇರ್‌ಗೆ ಹೇಳುತ್ತೀರಿ. ಕುಕ್ಕರ್ ನಮ್ಮ ಫೋಟೊದ್ದೇ, ಅದರ ಸುತ್ತಲಿನದು ಮಾತ್ರ ಹೊಸದು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ.

ಇಂಥ ಬಹಳಷ್ಟು ಸಾಫ್ಟ್‌ವೇರ್‌ಗಳು ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ, ಅಂದರೆ ಪಿಕ್ಸೆಲ್ ಪಿಕ್ಸೆಲ್ ಆಗಿ, ಇಟ್ಟುಕೊಳ್ಳುವುದಿಲ್ಲ. ಮೊದಲು ಅದನ್ನು ಒತ್ತಿ ಚಿಕ್ಕದು ಮಾಡಿಕೊಂಡು, ಆ ಚಿಕ್ಕ ರೂಪದಲ್ಲೇ ಕೆಲಸ ಮಾಡಿ, ಕೊನೆಗೆ ಮತ್ತೆ ಹಿಗ್ಗಿಸುತ್ತವೆ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಅನ್ನುವ ಎಐ ಮಾಡೆಲ್‌ನ ಲೆಕ್ಕ ಹೇಳುತ್ತೇನೆ. ಅದರಲ್ಲಿ 512 ಚುಕ್ಕಿ ಅಗಲ, 512 ಚುಕ್ಕಿ ಎತ್ತರದ ಚಿತ್ರ 64ಕ್ಕೆ 64 ಮನೆಗಳ ಒಂದು ಚೌಕಳಿಯಾಗುತ್ತದೆ. ಅಂದರೆ 8ಕ್ಕೆ 8, ಒಟ್ಟು 64 ಚುಕ್ಕಿಗಳಿಗೆ ಒಂದು ಮನೆ. ಒಂದು ಮನೆಯಲ್ಲಿ ಇರುವುದು 4 ಸಂಖ್ಯೆ. ಈಗ ಕುಕ್ಕರಿನ ಮೇಲಿನ ಲೋಗೊ ನೋಡಿ. ಚಿತ್ರದಲ್ಲಿ ಅದು 48 ಚುಕ್ಕಿ ಅಗಲ ಬಂದಿದೆ ಅಂದುಕೊಳ್ಳಿ. ಅದಕ್ಕೆ ಸಿಗುವುದು ಅಡ್ಡಕ್ಕೆ ಆರೇ ಮನೆ. ಎಂಟು ಅಕ್ಷರದ ಹೆಸರನ್ನು ಆರು ಮನೆಯಲ್ಲಿ ತುಂಬಬೇಕು. ಹಿಗ್ಗಿಸುವಾಗ ಅಕ್ಷರದ ಹಾಗೆ ಕಾಣುವ ಏನೋ ಒಂದು ಹೊರಗೆ ಬರುತ್ತದೆ. ಈಚಿನ ಮಾಡೆಲ್‌ಗಳಲ್ಲಿ ಕೆಲವು ಒಂದೊಂದು ಮನೆಯಲ್ಲಿ ಇನ್ನೂ ಜಾಸ್ತಿ ಸಂಖ್ಯೆ ಇಟ್ಟುಕೊಳ್ಳುತ್ತವೆ, ಹಾಗಾಗಿ ದೊಡ್ಡ ಅಕ್ಷರ ಸರಿಯಾಗಿ ಬರುತ್ತದೆ. ಇದರಿಂದ ನಮ್ಮ ಕೆಲಸ ಕಷ್ಟವೇ ಆಗಿದೆ. ಮೊದಲು ಲೋಗೊ ಕೆಟ್ಟರೆ ದೂರದಿಂದಲೇ ತಿಳಿಯುತ್ತಿತ್ತು. ಈಗ ಒಂದೇ ಅಕ್ಷರದ ಬಾಲ ಬದಲಾಗಿರುತ್ತದೆ, ಅಷ್ಟೆ.

ಮುಖ್ಯವಾದ ಮಾತು ಇದು: ಕುಕ್ಕರನ್ನು ಮುಟ್ಟಬೇಡ ಅಂತ ನೀವು ಗುರುತು ಹಾಕಿ ಕೊಟ್ಟರೂ, ಒತ್ತಿ ಹಿಗ್ಗಿಸುವಾಗ ಇಡೀ ಚಿತ್ರವೇ ಅದರೊಳಗೆ ಹೋಗಿ ಬರುತ್ತದೆ. ಕುಕ್ಕರ್ ಕೂಡ. ಕೆಲವು ಸಾಫ್ಟ್‌ವೇರ್ ಕೊನೆಯಲ್ಲಿ ಅಸಲಿ ಚುಕ್ಕಿಗಳನ್ನು ಮತ್ತೆ ಅಂಟಿಸುತ್ತವೆ, ಕೆಲವು ಅಂಟಿಸುವುದಿಲ್ಲ. ನಿಮ್ಮದು ಯಾವ ಬಗೆಯದು ಅನ್ನುವುದನ್ನು ಒಂದು ಸಲ ಪರೀಕ್ಷೆ ಮಾಡಿಕೊಳ್ಳಿ. ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ಅನ್ನುವ ಸಾಫ್ಟ್‌ವೇರ್ ಇದ್ದರೆ ಸಾಕು. ಅಸಲಿ ಫೋಟೊ ಮತ್ತು ಹೊಸ ಚಿತ್ರ ಎರಡೂ ಒಂದೇ ಅಳತೆಯವಾಗಿರಲಿ, ಕುಕ್ಕರ್ ಒಂದೇ ಜಾಗದಲ್ಲಿರಲಿ. ಆಮೇಲೆ ಈ ಕಮಾಂಡ್ ಓಡಿಸಿ.

```
magick asali.png hosa.png -compose difference -composite -colorspace Gray -threshold 8% diff.png
```

ಎರಡರ ನಡುವೆ ವ್ಯತ್ಯಾಸ ಇರುವ ಕಡೆ ಬಿಳಿ, ಇಲ್ಲದ ಕಡೆ ಕಪ್ಪು ಬರುತ್ತದೆ. ಹಿನ್ನೆಲೆ ಹೊಸದು, ಹಾಗಾಗಿ ಅದು ಜಾಸ್ತಿ ಬಿಳಿಯಾಗಿರುತ್ತದೆ. ಕುಕ್ಕರಿನ ಜಾಗ ಪೂರ್ತಿ ಕಪ್ಪಾಗಿರಬೇಕು. ನಾನು ಆ ಎರಡು ವಿಸಿಲ್ ಚಿತ್ರಕ್ಕೆ ಇದನ್ನು ಮಾಡಿದಾಗ ಲೋಗೊ ಇರುವಲ್ಲಿ ಬಿಳಿ ಪುಡಿ ಚೆಲ್ಲಿದ ಹಾಗೆ ಬಂತು. ವಿಸಿಲ್ ಬಗ್ಗೆ ಕೇಳಿದ್ದಕ್ಕೆ ಲೋಗೊ ತಪ್ಪೂ ಸಿಕ್ಕಿತು. ಆ ತಪ್ಪನ್ನು ದಾವಣಗೆರೆಯ ಅಮ್ಮನೂ ನೋಡಿರಲಿಲ್ಲ.

ಕಪ್ಪು ಬರದಿದ್ದರೆ ಅಸಲಿ ಕುಕ್ಕರನ್ನು ಮತ್ತೆ ಅದರ ಜಾಗದಲ್ಲಿ ಅಂಟಿಸಿ. ಹಿನ್ನೆಲೆ ಅಳಿಸುವಾಗ ಸಿಕ್ಕ ಮಾಸ್ಕ್ ನಿಮ್ಮ ಹತ್ತಿರ ಇರಬೇಕು. ಅದರಲ್ಲಿ ಕುಕ್ಕರ್ ಬಿಳಿ, ಉಳಿದದ್ದು ಕಪ್ಪು.

```
magick hosa.png asali.png mask.png -composite out.png
```

ಲೋಗೊ ತಪ್ಪಿಗೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. ಆದರೆ ಸ್ಟೀಲ್ ಪಾತ್ರೆಯಲ್ಲಿ ಒಂದು ತೊಡಕು ಬರುತ್ತದೆ. ಸ್ಟೀಲ್ ಮೈಯಲ್ಲಿ ನೀವು ಫೋಟೊ ತೆಗೆದ ಜಾಗದ ಬಿಳಿ ಹಾಳೆಯ ಪ್ರತಿಬಿಂಬ ಇರುತ್ತದೆ. ಸುತ್ತಲೂ ಅಡುಗೆಮನೆ, ಕುಕ್ಕರಿನ ಮೈಯಲ್ಲಿ ಬಿಳಿ ಹಾಳೆ. ಅಂಟಿಸಿದ ಹಾಗೆ ಕಾಣುತ್ತದೆ. ಆಗ ಎಲ್ಲರೂ "ಬೆಳಕು ಹೊಂದಿಸು" ಅನ್ನುವ ಬಟನ್ ಒತ್ತುತ್ತಾರೆ. ಅಲ್ಲಿ ಮತ್ತೆ ಇಡೀ ಕುಕ್ಕರ್ ಒತ್ತಿ ಹಿಗ್ಗಿ ಬರುತ್ತದೆ, ಲೋಗೊ ಮತ್ತೆ ಕೆಡುತ್ತದೆ. ಬೆಳಕು ಹೊಂದಿಸಲೇಬೇಕಾದರೆ ಹೊಂದಿಸಿ. ಆಮೇಲೆ ಲೋಗೊ ಮತ್ತು ಗುರುತುಗಳಿರುವ ತುಂಡನ್ನಷ್ಟೇ ಅಸಲಿಯಿಂದ ತಂದು ಅಂಟಿಸಿ.

ಈಗ ಆ ಎರಡನೇ ವಿಸಿಲ್ ಎಲ್ಲಿಂದ ಬಂತು ಅನ್ನುವುದಕ್ಕೆ ಬರೋಣ. ಹಿನ್ನೆಲೆ ತುಂಬುವ ಸಾಫ್ಟ್‌ವೇರ್ ಕುಕ್ಕರಿನ ಅಂಚಿನ ತನಕ ಬಂದು ನಿಲ್ಲಬೇಕು. ಆದರೆ ಅದು ಕಲಿತಿರುವುದು ಅರ್ಧ ಚಿತ್ರವನ್ನು ಪೂರ್ತಿ ಮಾಡುವುದನ್ನು. ಅಂಚಿನಲ್ಲಿ ಒಂದು ಹಿಡಿ ಕಂಡರೆ, ಇದು ಇನ್ನೂ ಮುಂದಕ್ಕೆ ಹೋಗಬೇಕೇನೋ ಅಂತ ಅದನ್ನು ಉದ್ದ ಮಾಡುತ್ತದೆ. ಮುಚ್ಚಳದ ಅಂಚಿನ ಮೇಲೆ ಖಾಲಿ ಜಾಗ ಕಂಡರೆ ಅಲ್ಲೊಂದು ಗುಂಡಿ ಬೆಳೆಸುತ್ತದೆ. ನಮ್ಮ ಚಿತ್ರದಲ್ಲಿ ಹೀಗೇ ಆಗಿತ್ತು. ಅಸಲಿ ವಿಸಿಲ್ ತನ್ನ ಜಾಗದಲ್ಲೇ ಇತ್ತು. ಅದರ ಹಿಂದೆ, ಮುಚ್ಚಳದ ಅಂಚಿಗೆ ತಾಗಿಕೊಂಡು, ಹಿನ್ನೆಲೆಯ ಭಾಗದಲ್ಲಿ ಇನ್ನೊಂದು ಹುಟ್ಟಿತ್ತು.

ಮೊದಲ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಯಾಕೆ ಅಂತ ಯೋಚಿಸಿ. ಹಿನ್ನೆಲೆಯಲ್ಲಿ ಎಲ್ಲವೂ ಬದಲಾಗಿದೆ. ಹೊಸ ವಿಸಿಲ್ ಕೂಡ ಆ ಬದಲಾವಣೆಯಲ್ಲಿ ಮುಚ್ಚಿಹೋಗುತ್ತದೆ. ಅಸಲಿ ಕುಕ್ಕರನ್ನು ಅಂಟಿಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಇರುವುದು ಕುಕ್ಕರಿನ ಮಾಸ್ಕ್‌ನ ಆಚೆ. ಇದಕ್ಕೆ ಬೇರೆ ದಾರಿ ಇದೆ. ಹೊಸ ಚಿತ್ರದ ಹಿನ್ನೆಲೆಯನ್ನು ಇನ್ನೊಮ್ಮೆ ಅಳಿಸಿ. ಆಗ ಹೊಸ ಮಾಸ್ಕ್ ಸಿಗುತ್ತದೆ. ಹಳೆಯ ಮಾಸ್ಕ್, ಹೊಸ ಮಾಸ್ಕ್ ಎರಡನ್ನೂ ಮೊದಲಿನ ಹಾಗೆಯೇ ಹೋಲಿಸಿ. ಅಂಚಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಬಂದರೆ ಪರವಾಗಿಲ್ಲ, ಅದು ಯಾವಾಗಲೂ ಬರುತ್ತದೆ. ಎಲ್ಲಾದರೂ ಬಿಳಿ ಗಂಟು ಕಂಡರೆ ಅಲ್ಲಿ ಏನೋ ಬೆಳೆದಿದೆ. ನಮ್ಮ ಚಿತ್ರದಲ್ಲಿ ಎರಡು ಗಂಟು ಬಂದವು. ಒಂದು ವಿಸಿಲ್. ಇನ್ನೊಂದು ಉದ್ದ ಹಿಡಿಯ ತುದಿ. ಹಿಡಿ ಒಂದು ಬೆರಳಿನ ಅಗಲದಷ್ಟು ಬೆಳೆದಿತ್ತು.

ಇಲ್ಲಿಗೆ ಸುಲಭದ ದಾರಿ ಮುಗಿಯಿತು. ಅಸಲಿ ಫೋಟೊದ ಮೇಲೆಯೇ ಕಟ್ಟಿದ ಚಿತ್ರಕ್ಕೆ ಮಾತ್ರ ಇವೆರಡು ಪರೀಕ್ಷೆ ನಡೆಯುತ್ತವೆ. "ಇದೇ ಕುಕ್ಕರನ್ನು ಇನ್ನೊಂದು ಕಡೆಯಿಂದ ತೋರಿಸು", "ಒಲೆಯ ಮೇಲೆ ಇಟ್ಟು ಒಬ್ಬರು ಮುಚ್ಚಳ ತೆಗೆಯುತ್ತಿರುವ ಹಾಗೆ ಮಾಡು" ಅಂದಿರೋ, ಕುಕ್ಕರನ್ನೇ ಹೊಸದಾಗಿ ಬರೆಸಿದಿರಿ ಅಂತ ಅರ್ಥ. ಹೋಲಿಸಲು ಅಸಲಿ ಚುಕ್ಕಿಗಳೇ ಇಲ್ಲ. ಅಲ್ಲಿ ಕಣ್ಣೇ ಗತಿ. ಅದಕ್ಕೇ ಮೇಜಿನ ಮೇಲೆ ಈ ಕುಕ್ಕರ್ ಇಟ್ಟಿದ್ದು.

ಮೊದಲು ಎಣಿಸಿ. ಚಿತ್ರ ತೆರೆಯುವ ಮೊದಲೇ, ಕೈಯಲ್ಲಿ ವಸ್ತು ಹಿಡಿದು, ಭಾಗಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆಯಿರಿ. ಈ ಕುಕ್ಕರಿಗೆ ನನ್ನ ಚೀಟಿ ಹೀಗಿದೆ: ಮುಚ್ಚಳದ ಮೇಲೆ ವಿಸಿಲ್ ಒಂದು, ಸೇಫ್ಟಿ ವಾಲ್ವ್ ಒಂದು. ಉದ್ದ ಹಿಡಿ ಎರಡು, ಒಂದು ಮುಚ್ಚಳದ್ದು, ಒಂದು ಪಾತ್ರೆಯದು. ಎದುರಿಗೆ ಗಿಡ್ಡ ಹಿಡಿ ಒಂದು, ಅದು ಪಾತ್ರೆಯದು. ಮುಚ್ಚಳ ಹಾಕಿದಾಗ ಎರಡು ಉದ್ದ ಹಿಡಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು, ನಡುವೆ ಸಣ್ಣ ಸಂದಿ ಇರಬೇಕು. ಎಐ ಚಿತ್ರ ಹೆಚ್ಚಾಗಿ ಎಡವುವುದು ಇಲ್ಲೇ. ಎರಡೂ ಹಿಡಿ ಸೇರಿ ಒಂದೇ ದಪ್ಪ ಹಿಡಿಯಾಗಿರುತ್ತದೆ. ಅಥವಾ ಮುಚ್ಚಳದ ಹಿಡಿ ಒಂದು ಕಡೆ, ಪಾತ್ರೆಯ ಹಿಡಿ ಇನ್ನೊಂದು ಕಡೆ ತಿರುಗಿರುತ್ತದೆ. ಮುಚ್ಚಳ ಸರಿಯಾಗಿ ಕೂರದ ಕುಕ್ಕರನ್ನು ಒಲೆಯ ಮೇಲೆ ಇಟ್ಟ ಚಿತ್ರ ಅದು! ದಿನಾ ಕುಕ್ಕರ್ ಬಳಸುವವರು ನೋಡಿದ ತಕ್ಷಣ ಹಿಂದೆ ಸರಿಯುತ್ತಾರೆ. ಇನ್ನೊಂದು ತಪ್ಪೂ ಇದೆ. ಒಳಗಿನಿಂದ ಕೂರುವ ಮುಚ್ಚಳವನ್ನು ಹೊರಗಿನ ಮುಚ್ಚಳದ ಪಾತ್ರೆಗೆ ಹಾಕಿಬಿಡುತ್ತದೆ. ಅಂಥ ಕುಕ್ಕರ್ ನೀವು ಮಾರುತ್ತಲೇ ಇಲ್ಲ. ಬೆರಳಿಟ್ಟು, ಬಾಯಿ ಬಿಟ್ಟು ಎಣಿಸಿ. "ಎಲ್ಲ ಇದೆ" ಅನ್ನುವುದು ಎಣಿಕೆ ಅಲ್ಲ.

ಆಮೇಲೆ ಓದಿ. ಚಿತ್ರವನ್ನು ಪೂರ್ತಿ ಅಳತೆಯಲ್ಲಿ, ಅಂದರೆ ನೂರು ಪರ್ಸೆಂಟ್ ಝೂಮ್‌ನಲ್ಲಿ ತೆರೆದು, ಕಾಣುವ ಪ್ರತಿಯೊಂದು ಅಕ್ಷರವನ್ನೂ ಓದಿ. ಇಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ದಿನಾ ನೋಡುವ ಹೆಸರನ್ನು ನಾವು ಅಕ್ಷರ ಕೂಡಿಸಿ ಓದುವುದಿಲ್ಲ, ಅದರ ಆಕಾರ ನೋಡಿ ಗುರುತು ಹಿಡಿಯುತ್ತೇವೆ. ಒಂದು ಅಕ್ಷರ ತಪ್ಪಿದ್ದರೂ ಮನಸ್ಸು ಸರಿ ಮಾಡಿಕೊಂಡುಬಿಡುತ್ತದೆ. ಹಾಗಾಗಿ ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿ. ಅಥವಾ ಚಿತ್ರವನ್ನು ತಲೆಕೆಳಗು ಮಾಡಿ, ಅಸಲಿ ಲೋಗೊವನ್ನೂ ತಲೆಕೆಳಗು ಮಾಡಿ ಪಕ್ಕ ಪಕ್ಕ ಇಡಿ. ನಾನು ಎರಡನೆಯದನ್ನೇ ಮಾಡುತ್ತೇನೆ. ಆಗ ಅದು ಹೆಸರಾಗಿ ಕಾಣುವುದಿಲ್ಲ, ಗೆರೆಗಳಾಗಿ ಕಾಣುತ್ತದೆ.

ಓದುವಾಗ ಎಲ್ಲಕ್ಕಿಂತ ಜಾಸ್ತಿ ಜಾಗ್ರತೆ ಬೇಕಾದದ್ದು ಐಎಸ್‌ಐ ಗುರುತಿನ ಹತ್ತಿರ. ಮನೆಬಳಕೆಯ ಪ್ರೆಶರ್ ಕುಕ್ಕರಿಗೆ IS 2347 ಅನ್ನುವ ಭಾರತೀಯ ಮಾನದಂಡ ಇದೆ. 2020ರ ಸರ್ಕಾರಿ ಆದೇಶದ ಮೂಲಕ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿನ ಮೇಲೆ ಮಾನದಂಡದ ನಂಬರ್, ಕೆಳಗೆ CM/L ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಎಐ ಚಿತ್ರದಲ್ಲಿ ಆ ಅಂಕಿಗಳು ಬದಲಾದರೆ ನಿಮ್ಮ ಕುಕ್ಕರಿನ ಮೇಲೆ ಇಲ್ಲದ ಲೈಸೆನ್ಸ್ ಕಾಣಿಸುತ್ತದೆ, ಇಲ್ಲವೇ ಬೇರೆ ಯಾರದೋ ಲೈಸೆನ್ಸ್ ಕಾಣಿಸುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಆ ನಂಬರ್ ಹಾಕಿ ನೋಡಬಹುದು. ನೋಡುವ ಗಿರಾಕಿಗಳು ಇದ್ದಾರೆ. ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಗುರುತು ಬೇಕಿಲ್ಲದ ಜಾಗದಲ್ಲಿ, ಬೇರೆ ಯಾವುದೋ ಪಾತ್ರೆಯ ಮೇಲೆ, ಗುರುತಿನ ಹಾಗೆ ಕಾಣುವ ಒಂದು ಚಿಹ್ನೆಯನ್ನು ಸಾಫ್ಟ್‌ವೇರ್ ತಾನೇ ಬರೆದುಬಿಡುತ್ತದೆ. ಲೈಸೆನ್ಸ್ ಇಲ್ಲದೆ ಆ ಗುರುತು ಬಳಸುವುದು ಬಿಐಎಸ್ ಕಾಯ್ದೆ, 2016ರ ಪ್ರಕಾರ ಅಪರಾಧ. ನಾನಲ್ಲ, ಎಐ ಬರೆದದ್ದು ಅಂದರೆ ಗಿರಾಕಿ ಒಪ್ಪುತ್ತಾರಾ? ಅಂಗಡಿ ನಿಮ್ಮದು. ನನ್ನ ನಿಯಮ ಇಷ್ಟೇ: ಗುರುತು ಕಾಣುವ ಚಿತ್ರ ಬೇಕಾದರೆ ಅದು ಕ್ಯಾಮೆರಾದಲ್ಲಿ ತೆಗೆದ ಫೋಟೊ ಆಗಿರಬೇಕು. ಎಐ ಚಿತ್ರದಲ್ಲಿ ಗುರುತು ಇರುವ ಬದಿ ಕಾಣದ ಹಾಗೆ ಕುಕ್ಕರನ್ನು ತಿರುಗಿಸಿ ಇಡುತ್ತೇನೆ.

ಮೂರನೆಯದು ಅಳೆಯುವುದು. ಆಕಾರ ಸೊಟ್ಟಗಿದೆ ಅನ್ನುವುದು ಬಹಳ ಸಲ ಕಣ್ಣಿಗೆ ತಿಳಿಯುವುದಿಲ್ಲ, "ಏನೋ ಸರಿ ಇಲ್ಲ" ಅನಿಸುತ್ತದೆ, ಅಷ್ಟೇ. ಆ ಅನಿಸಿಕೆಯನ್ನು ಬಿಡಬೇಡಿ, ಸ್ಕೇಲ್ ತೆಗೆದುಕೊಳ್ಳಿ.

ಈ ಕುಕ್ಕರಿನ ಬಾಯಿ 18 ಸೆಂಟಿಮೀಟರ್ ಅಗಲ, ಪಾತ್ರೆ 12 ಸೆಂಟಿಮೀಟರ್ ಎತ್ತರ. ಅಗಲವನ್ನು ಎತ್ತರದಿಂದ ಭಾಗಿಸಿದರೆ ಒಂದೂವರೆ. ಪರದೆಯ ಮೇಲಿನ ಚಿತ್ರದಲ್ಲಿ ಬಾಯಿ 600 ಚುಕ್ಕಿ ಅಗಲ ಇದೆ. ಪಕ್ಕದ ಅಂಚನ್ನು ಬಾಯಿಯಿಂದ ತಳದ ತನಕ ಅಳೆದರೆ 470 ಚುಕ್ಕಿ. ಭಾಗಿಸಿದರೆ 1.28. ಕ್ಯಾಮೆರಾ ಮೇಲಿನಿಂದ ನೋಡುತ್ತಿದೆ, ಅದಕ್ಕೇ ವ್ಯತ್ಯಾಸ ಅಂತ ಯಾರಾದರೂ ಹೇಳಬಹುದು. ಆದರೆ ಮೇಲಿನಿಂದ ನೋಡಿದರೆ ಎತ್ತರ ಕಡಿಮೆ ಕಾಣಬೇಕು, ಜಾಸ್ತಿ ಕಾಣಬಾರದು. ನೋಡಿ, ಕುಕ್ಕರನ್ನು ನಿಮ್ಮ ಕಡೆಗೆ ಬಾಗಿಸುತ್ತೇನೆ. ಬಾಯಿಯ ಅಗಲ ಹಾಗೇ ಇದೆ, ಎತ್ತರ ಗಿಡ್ಡವಾಗುತ್ತಿದೆ. ಅಂದರೆ ಚಿತ್ರದಲ್ಲಿ ಪಾತ್ರೆ ನಿಜಕ್ಕೂ ಉದ್ದವಾಗಿದೆ. ಬಾಯಿ 18 ಸೆಂಟಿಮೀಟರೇ ಇದ್ದರೆ ಅದರ ಎತ್ತರ 14 ಸೆಂಟಿಮೀಟರ್ ಆಗುತ್ತದೆ. ಅಷ್ಟು ಪಾತ್ರೆಗೆ ಮೂರೂವರೆ ಲೀಟರ್ ಹಿಡಿಸುತ್ತದೆ. ನೀವು ಮಾರುತ್ತಿರುವುದು 3 ಲೀಟರ್. "ಚಿತ್ರದಲ್ಲಿ ದೊಡ್ಡದಿತ್ತು" ಅಂತ ವಾಪಸ್ ಕಳಿಸಿದವರನ್ನು ತಪ್ಪು ಅನ್ನಲು ಆಗುತ್ತದಾ?

ಸ್ಕೇಲ್ ಇಲ್ಲದೆಯೇ ನೋಡಬಹುದಾದ ಇನ್ನೊಂದು ಗುರುತು ಇದೆ. ಇದು ನನಗೆ ತುಂಬಾ ಇಷ್ಟ. ದುಂಡಗಿನ ಬಾಯಿಯನ್ನು ಸ್ವಲ್ಪ ಮೇಲಿನಿಂದ ನೋಡಿದರೆ ಅದು ಮೊಟ್ಟೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ತಳದ ದುಂಡೂ ಹಾಗೇ ಕಾಣುತ್ತದೆ. ಆದರೆ ಎರಡೂ ಒಂದೇ ಅಲ್ಲ. ತಳ ನಿಮ್ಮ ಕಣ್ಣಿನಿಂದ ಇನ್ನೂ ಕೆಳಗಿದೆ, ಹಾಗಾಗಿ ಅದರ ಬಾಗು ಬಾಯಿಯ ಬಾಗಿಗಿಂತ ಜಾಸ್ತಿ ಇರಬೇಕು. ಮನೆಗೆ ಹೋಗಿ ಒಂದು ಲೋಟ ಹಿಡಿದು ನೋಡಿ, ತಿಳಿಯುತ್ತದೆ. ಎಐ ಚಿತ್ರದಲ್ಲಿ ಎಷ್ಟೋ ಸಲ ಬಾಯಿ ಚೆನ್ನಾಗಿ ತೆರೆದುಕೊಂಡಿರುತ್ತದೆ, ತಳ ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ. ಮೇಲಿನಿಂದಲೂ ಪಕ್ಕದಿಂದಲೂ ಒಟ್ಟಿಗೆ ನೋಡಿದ ಹಾಗೆ. ಅಂಥ ಕುಕ್ಕರ್ ಒಲೆಯ ಮೇಲೆ ಕೂತ ಹಾಗೆ ಕಾಣುವುದಿಲ್ಲ, ತೇಲಿದ ಹಾಗೆ ಕಾಣುತ್ತದೆ.

ಇಷ್ಟೆಲ್ಲಾ ಯಾರು ನೋಡಬೇಕು? ಚಿತ್ರ ಮಾಡಿದವರು ನೋಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಪ್ಪತ್ತು ಸಲ ಮಾಡಿಸಿ ಒಂದನ್ನು ಆರಿಸಿಕೊಂಡವರಿಗೆ ಅದರ ಮೇಲೆ ಪ್ರೀತಿ ಹುಟ್ಟಿರುತ್ತದೆ. ಗೋದಾಮಿನಲ್ಲಿ ಮಾಲು ಪ್ಯಾಕ್ ಮಾಡುವವರಿಗೆ ತೋರಿಸಿ. ದಿನಕ್ಕೆ ನೂರು ಸಲ ಆ ಕುಕ್ಕರನ್ನು ಕೈಯಲ್ಲಿ ಹಿಡಿದವರು ಅವರು. ನಮ್ಮಲ್ಲಿ ಪ್ಯಾಕಿಂಗ್ ಮಾಡುವ ಒಬ್ಬ ಹೆಣ್ಣುಮಗಳು ಒಂದು ಚಿತ್ರ ನೋಡಿ, "ಸರ್, ಈ ಹಿಡಿಯ ಸ್ಕ್ರೂ ಎಲ್ಲಿ ಹೋಯ್ತು?" ಅಂದರು. ನಾನು ಆ ಚಿತ್ರವನ್ನು ಅರ್ಧ ಗಂಟೆ ನೋಡಿದ್ದೆ.

ಒಂದು ಸಣ್ಣ ವಿಷಯ ಸೇರಿಸಿಬಿಡುತ್ತೇನೆ. ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಎಐ ಚಿತ್ರ ಹಾಕುವಾಗ, ಇದು ಎಐನಿಂದ ಮಾಡಿದ್ದು ಅನ್ನುವ ಮಾಹಿತಿ ಫೈಲಿನ ಒಳಗೆ ಉಳಿದಿರಬೇಕು ಅನ್ನುವ ನಿಯಮ ಇದೆ. ಅಳತೆ ಬದಲಿಸಿ ಸೇವ್ ಮಾಡುವಾಗ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಅದು ಅಳಿಸಿಹೋಗಬಹುದು. ಕೊನೆಯ ಫೈಲ್ ಮೇಲೆ ಒಮ್ಮೆ ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್‌ನ ಈ ಕಮಾಂಡ್ ಓಡಿಸಿ ನೋಡಿ. ಉತ್ತರ ಏನೂ ಬರದಿದ್ದರೆ ಮಾಹಿತಿ ಇಲ್ಲ ಅಂತ ಅರ್ಥ.

```
exiftool -XMP-iptcExt:DigitalSourceType out.png
```

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು. ಅವರು ಇಳಕಲ್ ಸೀರೆ ಮಾರುತ್ತಾರೆ. "ಸರ್, ನಿಮ್ಮ ಕುಕ್ಕರಿಗೆ ಅಳತೆ ಇದೆ, ಎಣಿಕೆ ಇದೆ. ಸೀರೆ ಮಡಿಕೆ ಬೀಳುತ್ತೆ, ಸುತ್ತಿಕೊಳ್ಳುತ್ತೆ. ಏನಂತ ಎಣಿಸೋದು?" ಅಂದರು.

ಒಳ್ಳೆಯ ಪ್ರಶ್ನೆ. ನನ್ನ ಪರೀಕ್ಷೆಗಳಲ್ಲಿ ಅರ್ಧ ಅಲ್ಲಿ ನಡೆಯುವುದಿಲ್ಲ. ಹೆಂಗಸರೊಬ್ಬರಿಗೆ ಉಡಿಸಿದ ಹಾಗೆ ಚಿತ್ರ ಮಾಡಿಸಿದರೆ ಸೀರೆಯನ್ನೇ ಹೊಸದಾಗಿ ನೇಯ್ದ ಹಾಗೆ. ಸೆರಗಿನ ಹಣಿಗೆ, ತೋಪುತೆನೆ ವಿನ್ಯಾಸಗಳೆಲ್ಲ ಹೋಗಿ, ಎಲ್ಲ ಊರಿನ ಸೀರೆಗೂ ಹೊಂದುವ ಒಂದು ಜರಿ ಬಳ್ಳಿ ಬಂದಿರುತ್ತದೆ. ಸೆರಗನ್ನು ಹರಡಿ ತೆಗೆದ ಫೋಟೊವನ್ನು ಎಐಗೆ ಕೊಡಬೇಡಿ ಅಂದೆ, ಅದು ಹಾಗೇ ಇರಲಿ. ಉಟ್ಟ ಚಿತ್ರ ಬೇಕೇ ಬೇಕು ಅಂದರೆ ಸೆರಗು ಹಿಂದೆ ಹೋಗುವ ಹಾಗೆ, ಒಡಲು ಮತ್ತು ದಡಿ ಮಾತ್ರ ಕಾಣುವ ಹಾಗೆ ಮಾಡಿಸಿ. ದಡಿಯಲ್ಲಿ ಎಷ್ಟು ಗೆರೆ, ಯಾವ ಕ್ರಮದಲ್ಲಿ ಬಣ್ಣ ಅನ್ನುವುದನ್ನು ಸೀರೆ ಕೈಯಲ್ಲಿ ಹಿಡಿದು ಮೊದಲೇ ಬರೆದಿಟ್ಟುಕೊಳ್ಳಿ. ಮಡಿಕೆಯ ಒಂದು ಕಡೆ ಇದ್ದ ಗೆರೆ ಮಡಿಕೆಯ ಇನ್ನೊಂದು ಕಡೆಯೂ ಅಷ್ಟೇ ಇದೆಯಾ ಅಂತ ಎಣಿಸಿ. ಅಲ್ಲೇ ಅದು ಹೆಚ್ಚಾಗಿ ತಪ್ಪುತ್ತದೆ, ಮೂರು ಗೆರೆ ಒಳಗೆ ಹೋಗಿ ನಾಲ್ಕಾಗಿ ಹೊರಗೆ ಬರುತ್ತದೆ.

"ಆಮೇಲೆ ಯಾರಿಗೆ ತೋರಿಸ್ಲಿ?" ಅಂತ ಅವರೇ ಮತ್ತೆ ಕೇಳಿದರು. ಪಕ್ಕದಲ್ಲಿ ಕೂತಿದ್ದವರು ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟರು: "ನೇಯ್ದವರಿಗೆ ತೋರಿಸ್ರಿ."